ಹೆಸರು ಮತ್ತು ನಂಬರು ಮಾತ್ರ

‘ನಿಮ್ಮ ಫೋನಿನ ಸಂಪರ್ಕ ಪಟ್ಟಿಯಿಂದ ನಾವು ಹೆಸರು ಮತ್ತು ನಂಬರನ್ನು ಮಾತ್ರ ತೆಗೆದುಕೊಳ್ಳುತ್ತೇವೆ.’ ಆ ವಾಕ್ಯ ಬರೆದವನು ನಾನೇ. ಡೆವಲಪರ್ ಬಾಯಿಂದ ಕೇಳಿ ಬರೆದೆನೋ, ವಕೀಲರ ಇಂಗ್ಲಿಷ್ ಕರಡಿನಲ್ಲಿ ಓದಿ ಬರೆದೆನೋ ಈಗ ಹೇಳಲಾರೆ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಆ ಪುಟವಿದೆ, ಮೂಲ ಎಲ್ಲಿಯದೆಂದು ಬರೆದಿಲ್ಲ. ಬೇರೆಯವರ ಪ್ರಬಂಧಗಳಲ್ಲಿ ಅಡಿಟಿಪ್ಪಣಿ ಇಲ್ಲವೆಂದು ಕೆಂಪು ಗೆರೆ ಎಳೆಯುತ್ತಿದ್ದವನು ನಾನು.

ಇಂದಿರಾನಗರದ ಒಂದು ಸಣ್ಣ ಕಂಪನಿಗಾಗಿ ಮಾಡಿದ ಕೆಲಸ ಅದು. ಗಿರಾಕಿಗಳ ಮನೆಗೇ ಹೋಗಿ ಅಳತೆ ತೆಗೆದು ಬಟ್ಟೆ ಹೊಲಿದುಕೊಡುವ ಹೆಂಗಸರಿಗೆ ಅವರೊಂದು ಆ್ಯಪ್ ಮಾಡಿದ್ದರು. ಗುರುತಿಲ್ಲದ ಮನೆಗೆ ಹೋಗುವಾಗ ಅವರು ಎಲ್ಲಿದ್ದಾರೆಂದು ಮನೆಯವರಲ್ಲಿ ಒಬ್ಬರಿಗೆ ಕಾಣಬೇಕು. ಅದಕ್ಕೆ ಅವರಿರುವ ಜಾಗ ತಿಳಿಯಬೇಕು, ಆ ಒಬ್ಬರು ಯಾರೆಂದು ಆರಿಸಲು ಸಂಪರ್ಕ ಪಟ್ಟಿ ಬೇಕು. ಇಪ್ಪತ್ತು ಪುಟದ ಗೌಪ್ಯತಾ ನೀತಿಯನ್ನು ನಾನು ಎರಡು ಪುಟದ ಸರಳ ಕನ್ನಡ ಮಾಡಬೇಕಿತ್ತು. “ನಮ್ಮಮ್ಮನಿಗೆ ಅರ್ಥ ಆಗ್ಬೇಕು ರೀ, ಅಷ್ಟೇ” ಎಂದಿದ್ದರು ಕಂಪನಿಯ ಒಡತಿ.

ಬಳಸುವವರೊಬ್ಬರಿಗೆ ಓದಿ ಹೇಳದೆ, ಅವರು ಅದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳದೆ, ಕರಡನ್ನು ಕಂಪನಿಗೆ ಒಪ್ಪಿಸುವುದಿಲ್ಲವೆಂದು ನಾನು ತೀರ್ಮಾನಿಸಿದ್ದೆ. ಹಾಗಾಗಿ ಶಿವಾಜಿನಗರಕ್ಕೆ ಹೋದೆ. ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ, ಮಹಡಿಯ ಮೇಲೆ, ಮೂವತ್ತು ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದ ಹೆಂಗಸೊಬ್ಬರಿದ್ದರು. ಅಕ್ಕ ಎನ್ನುವ ಅರ್ಥದಲ್ಲಿ ಎಲ್ಲರಂತೆ ನಾನೂ ಅವರನ್ನು ಆಪಾ ಎನ್ನುತ್ತಿದ್ದೆ. ಆ್ಯಪನ್ನು ಮೊದಲು ಬಳಸಿ ನೋಡಲು ಕಂಪನಿ ಆರಿಸಿದ್ದ ಎಂಟು ಮಂದಿಯಲ್ಲಿ ಅವರೂ ಒಬ್ಬರು. ಹಿಂದಿನ ವಾರ ತರಬೇತಿಗೆ ಕರೆದು, ಪರದೆಯ ಮೇಲೆ ಅನುಮತಿ ಕೇಳುವ ‘ಅಲೋ’ ಗುಂಡಿ ಬಂದಲ್ಲೆಲ್ಲ ಒತ್ತಿ ಎಂದಿದ್ದರು. ಎಂಟೂ ಜನ ಒತ್ತಿದ್ದರು.

ನಾನು ಓದತೊಡಗಿದೆ. ಆಪಾ ಹೊಲಿಗೆ ನಿಲ್ಲಿಸಲಿಲ್ಲ.

“‘ಹೊರಟೆ’ ಎಂದು ಒತ್ತಿದಾಗಿನಿಂದ ‘ಮುಗಿಯಿತು’ ಎಂದು ಒತ್ತುವವರೆಗೆ ನೀವಿರುವ ಜಾಗ ನಮಗೆ ತಿಳಿಯುತ್ತದೆ.”

“ಮುಗೀತು ಒತ್ತೋದು ಮರೆತ್ರೆ?”

“ತಿಳೀತಾನೇ ಇರುತ್ತೆ ಆಪಾ.”

“ಅರೆ, ಹಂಗಂತ ಬರೀರಿ ಮತ್ತೆ. ನಾನು ಒಲೆ ಆರಿಸೋದೇ ಮರೀತೀನಿ.”

ಬರೆದುಕೊಂಡೆ. ಮುಂದಿನದು ಸಂಪರ್ಕ ಪಟ್ಟಿಯ ವಾಕ್ಯ. ಓದಿ ಮುಗಿಸುವುದರೊಳಗೆ ಯಂತ್ರದ ಸದ್ದು ನಿಂತಿತು.

“ಹೆಸರು ಅಂದ್ರೆ ಯಾವ ಹೆಸರು?”

“ನೀವು ಫೋನಲ್ಲಿ ಏನಂತ ಸೇವ್ ಮಾಡಿದ್ದೀರೋ ಅದು.”

ಆಪಾ ಫೋನ್ ತೆಗೆದು ನನ್ನತ್ತ ಚಾಚಿದರು, ತಕ್ಷಣ ಹಿಂದಕ್ಕೆಳೆದುಕೊಂಡರು. ಆಮೇಲೆ ನಂಬರು ಕಾಣದಂತೆ ಅಂಗೈಯಿಂದ ಮುಚ್ಚಿ ತಾವೇ ಓದಿದರು: “ಕುಕ್ ಟೌನ್, ಮಾವಿನ ಮರದ ಮನೆ. ಎದೆ ಮೂವತ್ತೆಂಟು, ಸೊಂಟ ಮೂವತ್ಮೂರು, ತೋಳು ಹತ್ತು. ಎಡ ಭುಜ ತಗ್ಗು.”

“ಇದು ಹೆಸರಿನ ಜಾಗದಲ್ಲಿದೆಯಾ?”

“ಮತ್ತೆಲ್ಲಿ ಬರೀಲಿ? ಅಳತೆ ಬುಕ್ ಇಲ್ಲಿರುತ್ತೆ, ನಾನು ಬಸ್ಸಲ್ಲಿರ್ತೀನಿ. ಗಿರಾಕಿ ಫೋನ್ ಮಾಡಿದ್ರೆ ಅಳತೆ ಸ್ಕ್ರೀನ್ ಮೇಲೇ ಬರುತ್ತೆ. ಬಟ್ಟೆ ಎಷ್ಟು ಬೇಕು ಅಂತ ಅಲ್ಲೇ ಹೇಳ್ಬಿಡ್ತೀನಿ. ನಾವೆಲ್ಲಾ ಹಿಂಗೇ ಮಾಡೋದು.”

ಮತ್ತೆ ಅವರೇ ದನಿ ತಗ್ಗಿಸಿ ಅಂದರು: “ಆಪರೇಷನ್ ಆದವ್ರು ಒಬ್ರಿದ್ದಾರೆ ಸಾರ್. ಒಂದು ಕಡೆ ಒಳಗೆ ಪ್ಯಾಡ್ ಇಟ್ಟು ಹೊಲೀತೀನಿ. ಅವರ ಸೊಸೆಗೂ ಗೊತ್ತಿಲ್ಲ. ನನಗೆ ಗೊತ್ತು, ಈ ಫೋನಿಗೆ ಗೊತ್ತು. ಈಗ ನಿಮ್ಮ ಆಫೀಸಿಗೂ ಗೊತ್ತಾಯ್ತಾ?”

ನನಗೆ ಗೊತ್ತಿರಲಿಲ್ಲ, ಹಾಗೆಂದೇ ಹೇಳಿದೆ.

“ಈಗ ಆ ಅಲೋ ತೆಗೆದುಬಿಟ್ರೆ ವಾಪಸ್ ಬರುತ್ತಾ?”

“ಇಲ್ಲ ಆಪಾ. ಇನ್ನು ಮುಂದೆ ಹೋಗಲ್ಲ, ಅಷ್ಟೇ. ಆ್ಯಪನ್ನೇ ತೆಗೆದುಹಾಕಿದ್ರೂ ಹೋಗಿರೋದು ಅಲ್ಲೇ ಇರುತ್ತೆ. ಅಳಿಸಿ ಅಂತ ಕೇಳ್ಬೇಕು.”

“ಕೇಳ್ತಿದ್ದೀನಿ” ಎಂದರು.

ಆಟೊ ಹಿಡಿದು ಹಲಸೂರು ದಾಟಿ ಇಂದಿರಾನಗರಕ್ಕೆ ಬಂದೆ. ಈ ಸಲ ಕೇಳಿ ಬರೆಯುವುದಿಲ್ಲ, ಕಣ್ಣಾರೆ ನೋಡಿಯೇ ಬರೆಯುತ್ತೇನೆಂದು ಗಟ್ಟಿ ಮಾಡಿಕೊಂಡಿದ್ದೆ. ಡೆವಲಪರ್ ಬೇಸರಿಸದೆ ಒಂದು ಪರೀಕ್ಷೆಯ ಫೋನನ್ನು ತನ್ನ ಕಂಪ್ಯೂಟರಿಗೆ ಜೋಡಿಸಿ, ಅದರಿಂದ ಹೊರಗೆ ಹೋಗುವುದೆಲ್ಲ ಪರದೆಯ ಮೇಲೆ ಕಾಣುವಂತೆ ಮಾಡಿದ. ಅಲೋ ಒತ್ತಿದ. ಫೋನಿನಲ್ಲಿದ್ದ ಅಷ್ಟೂ ಹೆಸರು, ಅಷ್ಟೂ ನಂಬರು ಒಂದೇ ಉಸಿರಿಗೆ ಸರ್ವರ್‌ಗೆ ಹೋದವು.

“ಬೇಕಾಗಿರೋದು ಒಬ್ಬರದ್ದಲ್ವಾ?”

“ಒಬ್ಬರದ್ದೇ ಸಾರ್. ಮುಂದೆ ಯಾವುದಾದ್ರೂ ಫೀಚರ್‌ಗೆ ಬೇಕಾಗ್ಬಹುದು, ಇರಲಿ ಅಂತ ಪೂರ್ತಿ ತಗೊಂಡ್ವಿ.”

ಒಡತಿಗೆ ಆತುರವಿತ್ತು, ಬಿಡುಗಡೆಗೆ ನಾಲ್ಕೇ ದಿನ. “ಆ ವಾಕ್ಯ ಸ್ವಲ್ಪ ತಿದ್ದಿಬಿಡಿ ರೀ, ಸಾಕಲ್ವಾ?”

ತಿದ್ದಿದೆ. ಅಲ್ಲೇ ಕೂತು ಬರೆದು ಅವರ ಕೈಗೆ ಕೊಟ್ಟು, ಜೋರಾಗಿ ಓದಿ ಎಂದೆ. ಅವರು ಓದಿದರು: “ಹೆಸರಿನ ಜಾಗದಲ್ಲಿ ನೀವು ಏನೇ ಬರೆದಿದ್ದರೂ, ಅದು ಗಿರಾಕಿಯ ಎದೆಯ ಅಳತೆಯಾಗಲಿ, ಮನೆಯ ಗುರುತಾಗಲಿ, ಕಾಯಿಲೆಯಾಗಲಿ, ಎಲ್ಲವನ್ನೂ ನಾವು ತೆಗೆದುಕೊಂಡು ಇಟ್ಟುಕೊಳ್ಳುತ್ತೇವೆ. ನಮಗೆ ಬೇಕಾಗಿರುವುದು ಅದರಲ್ಲಿ ಒಬ್ಬರ ನಂಬರು ಮಾತ್ರ.”

“ಇದನ್ನ ಹಾಕಿದ್ರೆ ಯಾರ್ರೀ ಒತ್ತುತ್ತಾರೆ?”

“ಯಾರೂ ಒತ್ತಲ್ಲ. ಆದ್ರೆ ನಿಮ್ಮ ಆ್ಯಪ್ ಮಾಡ್ತಿರೋದು ಇದನ್ನೇ. ಇದನ್ನ ಬಿಟ್ಟು ಬೇರೆ ವಾಕ್ಯ ನಾನು ಬರೆಯಲ್ಲ.”

ಅವರು ಕೋಪಿಸಿಕೊಂಡರೆಂದು ನನ್ನ ನೆನಪು. ಅವರನ್ನು ಕೇಳಿದರೆ ಇಲ್ಲವೆನ್ನುತ್ತಾರೆ, ತಲೆನೋವಿತ್ತಂತೆ. ಹಾಳೆಯನ್ನು ಇನ್ನೊಮ್ಮೆ, ಈ ಸಲ ಸದ್ದಿಲ್ಲದೆ, ಓದಿ ಡೆವಲಪರ್ ಕಡೆ ತಿರುಗಿದ್ದಂತೂ ನಿಜ. “ಪಟ್ಟಿ ತಗೊಳ್ದೆ ಮಾಡಕ್ಕಾಗಲ್ವಾ?”

“ಆಗುತ್ತೆ ಮೇಡಂ. ಫೋನೇ ತನ್ನ ಪಟ್ಟಿ ತೆಗೆದು ತೋರಿಸುತ್ತೆ, ಅವರು ಒಬ್ಬರನ್ನ ಮುಟ್ತಾರೆ, ಆ ಒಬ್ಬರದು ಮಾತ್ರ ನಮಗೆ ಬರುತ್ತೆ. ಅದಕ್ಕೆ ಅಲೋ ಕೇಳೋದೇ ಬೇಡ.”

“ಎಷ್ಟು ದಿನ?”

“ಟೆಸ್ಟಿಂಗ್ ಸೇರಿ ಮೂರು.”

“ಮೊದಲೇ ಯಾಕೆ ಹೇಳ್ಲಿಲ್ಲ?”

“ಯಾರೂ ಕೇಳ್ಲಿಲ್ಲ ಮೇಡಂ.”

ಹಾಗೇ ಮಾಡಿ, ಈಗಾಗಲೇ ತಗೊಂಡಿರೋ ಪಟ್ಟಿಗಳನ್ನ ಅಳಿಸಿಬಿಡಿ ಎಂದರು ಒಡತಿ. ಮರುದಿನ ಆಪಾ ತಾವೇ ಕಚೇರಿಗೆ ಬಂದರು. ಅಳಿಸಿದ್ದನ್ನು ನೋಡದೆ ಹೋಗುವುದಿಲ್ಲ ಎಂದು ಡೆವಲಪರ್ ಪಕ್ಕ ಕುರ್ಚಿ ಎಳೆದುಕೊಂಡರು. ಎಂಟೂ ಜನರ ಪಟ್ಟಿಗಳನ್ನು ಅವನು ಅಳಿಸಿದ. ಆಪಾ ಅವರದನ್ನು ಹುಡುಕಿ ತೋರಿಸಿದ, ಸೊನ್ನೆ ಬಂತು.

“ಬ್ಯಾಕಪ್ ಅಂತ ಇನ್ನೊಂದು ಪ್ರತಿ ಇದೆ ಆಂಟಿ. ಅದು ಮೂವತ್ತು ದಿನಕ್ಕೆ ತಾನಾಗೇ ಹೋಗುತ್ತೆ.”

“ಇನ್ನೊಮ್ಮೆ ಆಂಟಿ ಅಂದ್ರೆ ನಿಂದೂ ಅಳತೆ ತಗೊಂಡು ಎಲ್ಲರಿಗೂ ಹೇಳ್ತೀನಿ ನೋಡು. ಮೂವತ್ತು ದಿನ ಅದನ್ನ ಯಾರು ನೋಡಬಹುದು?”

“ನಾನು ಮತ್ತೆ ನಮ್ಮ ಮೇಡಂ, ಇಬ್ಬರೇ.”

ಆಪಾ ನನ್ನ ಕಡೆ ನೋಡಿದರು. ಅಳಿಸಿ ಎಂದು ಕೇಳಿದ ಮೇಲೂ ಒಂದು ಪ್ರತಿ ಮೂವತ್ತು ದಿನ ಉಳಿಯುತ್ತದೆ, ಇಂಥವರು ಅದನ್ನು ನೋಡಬಲ್ಲರು ಎಂದು ಬರೆದೆ. ಒಡತಿ ತಡೆಯಲಿಲ್ಲ.

ಆಮೇಲೆ ಆಪಾ ಫೋನ್ ಹಿಡಿದು ಎದ್ದು ಕಾರಿಡಾರಿಗೆ ಹೋದರು. ಆಪರೇಷನ್ ಆದ ಗಿರಾಕಿಗೆ ಹೇಳಲೇಬೇಕೆಂದು ಬರುವಾಗಲೇ ನಿಶ್ಚಯಿಸಿದ್ದರಂತೆ. ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ ಎಂದು ಡೆವಲಪರ್ ಗೊಣಗಿದ. ಹೊರಗಿನಿಂದ ತಮಿಳಿನಲ್ಲಿ ಎರಡು ಮಾತು ಕೇಳಿತು. ಅದು ನಾನು ಕೇಳಬೇಕಾದ್ದಲ್ಲ ಎನ್ನಿಸಿ ಬಾಗಿಲು ಮುಚ್ಚಿದೆ.

ಹತ್ತು ನಿಮಿಷ ಬಿಟ್ಟು ಒಳಗೆ ಬಂದರು. ಮುಖ ಕೆಂಪಾಗಿತ್ತು.

“ಏನಂದ್ರು ಆಪಾ?”

“ಬೈದ್ರು. ಬೈಲಿ, ನಂದೇ ತಪ್ಪು.” ನೀರು ಕುಡಿದು ಲೋಟ ಕೆಳಗಿಟ್ಟರು. “ಆಮೇಲೆ, ನೀನಾಗೇ ಫೋನ್ ಮಾಡಿ ಹೇಳಿದ್ಯಲ್ಲ ಅಂದ್ರು. ಶುಕ್ರವಾರ ಬ್ಲೌಸ್ ತಗೊಂಡು ಬಾ, ನನ್ನ ಮುಂದೆ ಫೋನಲ್ಲಿ ಅಳಿಸು ಅಂದ್ರು.”

ಆ ಶುಕ್ರವಾರ ಅವರು ಹೋದರು. ಅಳತೆಯನ್ನು ಅಂದಿನಿಂದ ಪುಸ್ತಕದಲ್ಲೇ ಬರೆಯುತ್ತಾರೆ, ಬಸ್ಸಿನಲ್ಲೂ ಜೊತೆಗೇ ಒಯ್ಯುತ್ತಾರೆ.