ಯಾವ ಐದನೇ ಪ್ರಶ್ನೆ

ಕೆಳಗಿನ ಟೈರ್ ಅಂಗಡಿಯಲ್ಲಿ ಗಾಳಿ ತುಂಬುವ ಯಂತ್ರ ಬುಸುಗುಡತೊಡಗಿತೆಂದರೆ ಮೇಲಿನ ಮನೆಯ ಕಿಟಕಿಯ ಗಾಜು ಹಲ್ಲು ಕಡಿಯುತ್ತಿತ್ತು. ಭಾನುವಾರವೂ ಅದಕ್ಕೆ ರಜೆಯಿಲ್ಲ. ಆ ಸದ್ದಿನ ಮೇಲೆ ದನಿ ಏರಿಸಿ ಮುಂದಿನ ಕೋಣೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವುದು ಅವಳಿಗೆ ರೂಢಿಯಾಗಿಹೋಗಿತ್ತು.

ಬೀದಿಯವರೆಲ್ಲ ಅವಳನ್ನು ‘ಓದಿಹೇಳು ಮಿಸ್’ ಎನ್ನುತ್ತಿದ್ದರು. ಯಾವ ಮಗು ಲೆಕ್ಕ ಬರುವುದಿಲ್ಲವೆಂದು ಬಂದರೂ ಅವಳ ಮೊದಲ ಮಾತು ಒಂದೇ: “ಮೊದ್ಲು ಪ್ರಶ್ನೆ ಓದಿ ಹೇಳು.” ಅರ್ಧ ಮಕ್ಕಳಿಗೆ ಓದುವಷ್ಟರಲ್ಲೇ ದಾರಿ ಕಾಣುತ್ತಿತ್ತು. ಶಾಲೆಯ ಕೆಲಸಕ್ಕೆ ಅವಳೂ ಅರ್ಜಿ ಹಾಕಿದ್ದಳು, ಸಿಗಲಿಲ್ಲ; ಅಣ್ಣನ ಮನೆಯ ಈ ಕೋಣೆ, ಒಂದು ಕರಿಹಲಗೆ, ಸಂಜೆಯ ಮಕ್ಕಳು, ಇಷ್ಟೇ ಅವಳ ಶಾಲೆಯಾಯಿತು. ಪಾಠದಲ್ಲಿ ದೊಡ್ಡ ದನಿಯ ಹೆಂಗಸು, ಸಿಟ್ಟು ಬಂದರೆ ಮಾತ್ರ ಪಿಸುದನಿಗೆ ಇಳಿಯುತ್ತಿದ್ದಳು. ಆಗ ಅತ್ತಿಗೆ ಪಾತ್ರೆಗಳನ್ನೂ ಮೆಲ್ಲಗೆ ಇಡುತ್ತಿದ್ದಳು.

ಆ ಭಾನುವಾರ ಮಧ್ಯಾಹ್ನ ಅಣ್ಣನ ಫೋನಿಗೆ ಶಾಲೆಯ ಗುಂಪಿನಲ್ಲಿ ಸಂದೇಶ ಬಂತು. ಮಗಳ ತರಗತಿಯ ಗಣಿತದ ಮೇಷ್ಟ್ರು ಬರೆದದ್ದು: ‘ಐದನೇ ಪ್ರಶ್ನೆ ಬಿಡಿಸಿಕೊಂಡು ಬರುವುದು. ತರದವರು ತರಗತಿಯ ಹೊರಗೆ.’ ಅಷ್ಟೇ. ಪುಸ್ತಕದ ಹೆಸರಿಲ್ಲ, ಅಧ್ಯಾಯವಿಲ್ಲ, ಪ್ರಶ್ನೆಯಂತೂ ಇಲ್ಲವೇ ಇಲ್ಲ.

“ಯಾವುದರ ಐದನೇದು?” ಎಂದಳು ಅವಳು.

“ಗೊತ್ತಿಲ್ಲ ಅತ್ತೆ,” ಎಂದಳು ಅಣ್ಣನ ಮಗಳು. “ಶುಕ್ರವಾರ ನಮಗೆ ಗಣಿತದ ಪಿರಿಯಡ್ಡೇ ಇರ್ಲಿಲ್ಲ. ಆಟದ ಪ್ರಾಕ್ಟೀಸಿಗೆ ಕರ್ಕೊಂಡು ಹೋದ್ರು.”

ಹುಡುಗಿಯ ಮುಖ ಆಗಲೇ ಬಾಡಿತ್ತು. ಈ ವರ್ಷ ಅವಳನ್ನು ಎರಡು ಸಲ ಹೊರಗೆ ನಿಲ್ಲಿಸಿದ್ದರು. ಇನ್ನೊಮ್ಮೆ ಹಾಗಾದರೆ ಲೆಕ್ಕದ ಸ್ಪರ್ಧೆಗೆ ಹೋಗುವ ತಂಡದಿಂದ ಹೆಸರು ತೆಗೆಯುತ್ತೇನೆಂದು ಮೇಷ್ಟ್ರು ಎಲ್ಲರೆದುರು ಹೇಳಿದ್ದರು. ಆ ತಂಡಕ್ಕೆ ಸೇರಿದ ದಿನ ಈ ಹುಡುಗಿ ಮೆಟ್ಟಿಲಿನ ತುದಿಯಿಂದಲೇ ಕೂಗಿಕೊಂಡು ಬಂದದ್ದು ಟೈರ್ ಅಂಗಡಿಯವನಿಗೂ ಕೇಳಿಸಿತ್ತು.

“ಗುಂಪಲ್ಲೇ ಕೇಳಣ್ಣ, ಯಾವ ಪ್ರಶ್ನೆ ಅಂತ.”

“ಹೇಗೆ ಕೇಳ್ಲಿ? ಅಲ್ಲಿ ಮೇಷ್ಟ್ರು ಮಾತ್ರ ಬರೀಬಹುದು. ನಾವು ಓದಿ ಬಾಯಿ ಮುಚ್ಕೊಂಡು ಕೂರಬೇಕು.”

ಅವಳು ಮೇಷ್ಟ್ರಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಯಾವ ಪುಸ್ತಕ, ಯಾವ ಅಧ್ಯಾಯ ಎಂದು ವಿನಯದಿಂದ ಬರೆದು ಕಳಿಸಿದಳು. ಒಂದು ಗಳಿಗೆಯ ಮೇಲೆ ಉತ್ತರ ಬಂತು: ‘ಗುಂಪು ನೋಡಿ.’

ಅವಳ ದನಿ ಆಗಲೇ ಇಳಿಯಿತು. “ಕುರುಡನ ಕೈಗೆ ಕನ್ನಡಿ ಕೊಟ್ಟ ಹಾಗಾಯ್ತು.”

ಪಠ್ಯಪುಸ್ತಕ ತೆಗೆದು ನೋಡಿದರು. ನಡೆಯುತ್ತಿದ್ದ ಅಧ್ಯಾಯ ಸರಳ ಸಮೀಕರಣ. ಅದರ ಪ್ರತಿ ಅಭ್ಯಾಸಕ್ಕೂ ಒಂದು ಐದನೇ ಪ್ರಶ್ನೆ. ಒಂದು ಕಡೆ ತಂದೆ ಮಗನ ವಯಸ್ಸು, ಇನ್ನೊಂದು ಕಡೆ ತ್ರಿಭುಜದ ಕೋನ. ಅಭ್ಯಾಸ ಪುಸ್ತಕದಲ್ಲಿ ಬೇರೆಯದೇ ಐದನೆಯದು. ಅದೇ ತರಗತಿಯಲ್ಲಿದ್ದ ಎದುರು ಮನೆಯ ಹುಡುಗನ ತಾಯಿ ಕಿಟಕಿಯಿಂದಲೇ ಹೇಳಿದಳು, “ನಾವು ವಯಸ್ಸಿಂದು ಹಾಕಿದ್ವಿ ಮಿಸ್. ಸರಿ ಬಿದ್ರೆ ಬೀಳ್ಲಿ.”

ಅಣ್ಣನಿಗೂ ಅದೇ ಸರಿಯೆನಿಸಿತು. “ಯಾವುದಾದ್ರೂ ಒಂದು ಬಿಡಿಸಿ ಕೊಡು ಮಾರಾಯ್ತಿ. ಅವರೇನು ಕೂತು ಓದ್ತಾರಾ?”

“ಕೇಳದ ಪ್ರಶ್ನೆಗೆ ಉತ್ತರ ಬರೆದು ಕಳಿಸೋದು ಕಲಿಸ್ಲಾ ನಾನು?”

“ನಿನ್ನ ಹಟಕ್ಕೆ ಮಗು ಹೊರಗೆ ನಿಲ್ಬೇಕಾ?”

ಆ ಮಾತು ನಾಟಿತು. ಆದರೂ ಅವಳು ಬಗ್ಗಲಿಲ್ಲ. ಹಾಗಾದರೆ ಎಲ್ಲ ಐದನೆಯವನ್ನೂ ಬಿಡಿಸುತ್ತೇನೆಂದು ಹುಡುಗಿ ಪೆನ್ಸಿಲ್ ಕೆತ್ತತೊಡಗಿದಳು. ಕಣ್ಣಲ್ಲಿ ನೀರು ತುಂಬಿತ್ತು. ಅತ್ತೆ ಪೆನ್ಸಿಲ್ ತೆಗೆದುಕೊಂಡು ಪಕ್ಕಕ್ಕಿಟ್ಟಳು. “ಇದ್ದದ್ದನ್ನ ಇದ್ದ ಹಾಗೆ ಬರಿ. ಪ್ರಶ್ನೆ ಯಾವುದು ಅಂತ ತಿಳೀಲಿಲ್ಲ ಸರ್, ಹೇಳಿದ್ರೆ ಬಿಡಿಸ್ತೀನಿ ಅಂತ. ನಾಳೆ ನಾನೂ ಬರ್ತೀನಿ.”

ಮರುದಿನ ಅತ್ತಿಗೆಯೊಡನೆ ಮಾಡುತ್ತಿದ್ದ ಮನೆಗೆಲಸವನ್ನು ಅರ್ಧಕ್ಕೇ ಬಿಟ್ಟು ಅವಳು ಹುಡುಗಿಯ ಹಿಂದೆ ಹೊರಟಳು. ಗೇಟಿನವನೊಡನೆ ಮಾತಾಡಿ ಒಳಗೆ ಹೋಗುವಷ್ಟರಲ್ಲಿ ಮೊದಲ ಪಿರಿಯಡ್ ಶುರುವಾಗಿತ್ತು. ತರಗತಿಯ ಬಾಗಿಲ ಪಕ್ಕ, ಗೋಡೆಗೆ ಬೆನ್ನು ಕೊಟ್ಟು, ಅಣ್ಣನ ಮಗಳು ನಿಂತಿದ್ದಳು. ಒಬ್ಬಳೇ.

“ಉಳಿದವರು?”

“ಎಲ್ರಿಗೂ ಟಿಕ್ ಹಾಕಿದ್ರು ಅತ್ತೆ. ಒಬ್ಬೊಬ್ರು ಒಂದೊಂದು ತಂದಿದ್ರು. ಎದುರು ಮನೆಯವ್ನು ವಯಸ್ಸಿಂದು, ನನ್ನ ಪಕ್ಕದವಳು ಹೋದ ವರ್ಷದ ಪುಸ್ತಕದಿಂದ. ಎಲ್ರಿಗೂ ಟಿಕ್.”

ಅಣ್ಣನ ಮಾತು ಅಕ್ಷರಶಃ ನಿಜವಾಗಿತ್ತು. ಸುಳ್ಳು ಉತ್ತರದವರು ಒಳಗೆ, ಸತ್ಯ ಬರೆದವಳು ಹೊರಗೆ. ಹಾಗೆ ಬರೆಸಿದವಳು ತಾನೇ. ಬಾಗಿಲಲ್ಲಿ ನಿಂತು ಪಿಸುದನಿಯಲ್ಲಿ ಕರೆದಳು, “ಸರ್.”

ಮೇಷ್ಟ್ರು ಸೀಮೆಸುಣ್ಣ ಹಿಡಿದೇ ಹೊರಗೆ ಬಂದರು. ದಣಿದ ಮುಖ, ಅರ್ಧ ಮಡಿಸಿದ ತೋಳು. “ಕ್ಲಾಸ್ ನಡೀತಿದೆ ಅಮ್ಮಾ.”

“ಐದನೇ ಪ್ರಶ್ನೆ ಓದಿ ಹೇಳಿ ಸರ್.”

“ಅಂದ್ರೆ?”

“ಬಿಡಿಸ್ಕೊಂಡು ಬನ್ನಿ ಅಂದ್ರಲ್ಲ. ಅದನ್ನೇ.”

“ಶುಕ್ರವಾರ ಬೋರ್ಡ್ ಮೇಲೆ ಬರೆದಿದ್ದೀನಿ. ಮಕ್ಕಳಿಗೆ ಗೊತ್ತು.”

“ಶುಕ್ರವಾರ ಈ ಮಕ್ಕಳು ಮೈದಾನದಲ್ಲಿದ್ರು.”

ಅವರು ಪಕ್ಕದ ವಿಭಾಗದ ಬಾಗಿಲನ್ನೊಮ್ಮೆ ನೋಡಿದರು. ಜೇಬಿನಿಂದ ಫೋನ್ ತೆಗೆದು ಬೆರಳಾಡಿಸಿದರು. ಪಕ್ಕದ ವಿಭಾಗಕ್ಕೆ ಬೋರ್ಡಿನ ಮೇಲೆ ಐದು ಲೆಕ್ಕ ಕೊಟ್ಟು, ನಾಲ್ಕನ್ನು ಅಲ್ಲೇ ಮಾಡಿಸಿ, ಉಳಿದದ್ದಕ್ಕೆ ಬರೆದ ಸಂದೇಶವದು. ಎರಡು ಗುಂಪಿಗೂ ಒಂದೇ ಏಟಿಗೆ ಕಳಿಸಿಬಿಟ್ಟಿದ್ದರು.

“ಓ,” ಎಂದರು. “ಅದು ಇವರಿಗಲ್ಲ.”

“ಇವರಿಗಲ್ಲದ ಲೆಕ್ಕಕ್ಕೆ ಇವಳು ಹೊರಗೆ ನಿಂತಿದ್ದಾಳೆ.”

“ಎಲ್ರೂ ಏನೋ ಒಂದು ಮಾಡ್ಕೊಂಡು ಬಂದಿದ್ದಾರಲ್ಲ.”

“ಏನೋ ಒಂದು,” ಎಂದಳು ಅವಳು. ದನಿ ಎಷ್ಟು ಇಳಿದಿತ್ತೆಂದರೆ ಅವರು ಬಾಗಿ ಕೇಳಬೇಕಾಯಿತು. “ಆ ಏನೋ ಒಂದಕ್ಕೆ ನೀವು ಟಿಕ್ ಹಾಕಿದ್ದೀರಿ. ಈಗಲಾದ್ರೂ ಪ್ರಶ್ನೆ ಹೇಳಿ.”

ಮೇಷ್ಟ್ರು ಗೋಡೆ ನೋಡುತ್ತ ಹೇಳಿದರು, “ಒಂದು ಸಂಖ್ಯೆಯ ಮೂರರಷ್ಟಕ್ಕೆ ಏಳು ಸೇರಿಸಿದರೆ ಇಪ್ಪತ್ತೆಂಟು. ಆ ಸಂಖ್ಯೆ ಯಾವುದು.”

ಹುಡುಗಿ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. “ಏಳು ಕಳೆದ್ರೆ ಇಪ್ಪತ್ತೊಂದು. ಮೂರರಿಂದ ಭಾಗಿಸಿದ್ರೆ ಏಳು. ಏಳು ಸರ್.”

“ಸರಿ, ಒಳಗೆ ಹೋಗು.”

“ತಂಡದಲ್ಲಿ ನನ್ನ ಹೆಸರು?”

“ಇರುತ್ತೆ, ಹೋಗಮ್ಮ.”

ಹುಡುಗಿ ಅತ್ತೆಯತ್ತ ತಿರುಗಿಯೂ ನೋಡದೆ ಒಳಗೆ ಓಡಿದಳು. ಮೇಷ್ಟ್ರು ನಿಟ್ಟುಸಿರು ಬಿಟ್ಟರು, ಮುಗಿಯಿತೆಂಬ ಹಾಗೆ.

“ಈಗ ಗುಂಪಲ್ಲಿ ಬರೀರಿ ಸರ್. ತಪ್ಪಾಗಿ ಬಂದದ್ದು ಅಂತ. ನಿನ್ನೆ ಎಷ್ಟು ಮನೇಲಿ ಜಗಳ ಆಗಿದೆಯೋ.”

“ಇಷ್ಟು ಸಣ್ಣದಕ್ಕೆ ಎಲ್ಲ ಪೋಷಕರ ಮುಂದೆ ಹೇಗಮ್ಮ ಬರೆಯೋದು?”

“ಇವಳನ್ನ ಎಲ್ಲ ಮಕ್ಕಳ ಮುಂದೆ ಹೊರಗೆ ಕಳಿಸಿದ್ರಲ್ಲ, ಹಾಗೆ.”

“ನೋಡಿ, ನನಗೆ ಎರಡು ಗುಂಪು, ನೂರು ಮಕ್ಕಳು…”

“ಅದನ್ನೇ ಹೆಡ್‌ಮಿಸ್ಸಿಗೆ ಹೇಳೋಣ. ಗುಂಪಲ್ಲಿ ಪೋಷಕರಿಗೂ ಬಾಯಿ ಇರ್ಲಿ, ಯಾವ ಪುಸ್ತಕ ಅಂತ ಕೇಳೋಕಾದ್ರೂ. ನೀವು ಬನ್ನಿ, ಬಿಡಿ, ನಾನಂತೂ ಹೋಗಿ ಅವರ ಮುಂದೆ ಕೂತು…” ಎನ್ನುತ್ತ, ವಾಕ್ಯವನ್ನು ಅರ್ಧಕ್ಕೇ ಬಿಟ್ಟು, ಅವಳು ಆಗಲೇ ಪಡಸಾಲೆಯ ತಿರುವಿನತ್ತ ನಡೆದಿದ್ದಳು.