ಖಾಲಿ ಬಂದ ಫೈಲು ಮತ್ತು ನನ್ನ ಕಂಪ್ಯೂಟರಿನ ದೋಷ

ಇಲ್ಲಿನ ಕೆಲವು ವಿವರಗಳು ತಪ್ಪಿರಬಹುದು. ಆ ಮೇಲ್ ಬಂದದ್ದು ಗುರುವಾರವೋ ಶುಕ್ರವಾರವೋ ಎಂದು ನನಗೆ ಸರಿಯಾಗಿ ನೆನಪಿರಲಿಲ್ಲ. ನಾನು ಬರೆದ ಉತ್ತರ ಎರಡೇ ಸಾಲಿನದು ಎಂದು ಬಹಳ ದಿನ ನಂಬಿದ್ದೆ. ಇದನ್ನು ಬರೆಯಲು ಕೂತಾಗ ಹಳೆಯ ಮೇಲ್ ತೆರೆದು ನೋಡಿದರೆ ಅದು ಎರಡು ಸಾಲಿನದಲ್ಲ, ಉದ್ದವೇ ಇತ್ತು, ಮತ್ತು ನಾನು ನೆನಪಿಟ್ಟುಕೊಂಡದ್ದಕ್ಕಿಂತ ಹೆಚ್ಚು ಬಾಗಿತ್ತು. ಹಾಗಾಗಿ ಮೇಲ್‌ನಲ್ಲಿ ಇರುವುದನ್ನು ಮಾತ್ರ ಖಚಿತವೆಂದು ತಿಳಿಯಬೇಕು. ಉಳಿದದ್ದು ನನ್ನ ಸಿಟ್ಟು ಕಾಪಾಡಿಕೊಂಡು ಬಂದ ಸಂಗತಿಗಳು.

ನಾನು ಬೆಳ್ತಂಗಡಿಯ ಹತ್ತಿರ ಲಾಯಿಲದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಅದೇ ಆಡಳಿತ ಮಂಡಳಿಯ ಇನ್ನೊಂದು ಶಾಲೆ ಮೂಡುಬಿದಿರೆಯಲ್ಲಿದೆ. ಅಲ್ಲಿನ ಹಿರಿಯ ಕನ್ನಡ ಶಿಕ್ಷಕಿ ನನ್ನ ಗಂಡನ ಅಕ್ಕ. ಮನೆಯಲ್ಲಿ ನಾನು ಅವರನ್ನು ಅತ್ತಿಗೆ ಎನ್ನುತ್ತೇನೆ, ಇಬ್ಬರೂ ತುಳುವಿನಲ್ಲಿ ಮಾತಾಡುತ್ತೇವೆ. ಶಾಲೆಯ ವಿಷಯಕ್ಕೆ ಬಂದರೆ ಅವರು ಮೇಡಂ, ನಾನೂ ಮೇಡಂ, ಭಾಷೆ ಕನ್ನಡ. ಮನೆಯೊಳಗೆ ಶಾಲೆ ತರಬಾರದು, ಶಾಲೆಗೆ ಮನೆ ಕೊಂಡುಹೋಗಬಾರದು ಎಂದು ನನ್ನ ಮದುವೆಯ ಹೊಸದರಲ್ಲೇ ಅವರು ನಿಯಮ ಮಾಡಿದ್ದರು. ಒಳ್ಳೆಯ ನಿಯಮ ಎಂದು ನನಗೂ ಅನಿಸಿತ್ತು.

ಆ ವರ್ಷ ಹತ್ತನೆಯ ತರಗತಿಗೆ ಎರಡೂ ಶಾಲೆಗಳ ಪರವಾಗಿ ಒಂದು ಅಭ್ಯಾಸ ಪುಸ್ತಿಕೆ ಮಾಡುವುದೆಂದಾಯಿತು. ಗದ್ಯ, ಪದ್ಯದ ಭಾಗ ಅತ್ತಿಗೆಯದು. ವ್ಯಾಕರಣ, ಪತ್ರಲೇಖನ ನನ್ನದು. ಎರಡನ್ನೂ ಸೇರಿಸಿ ಬಿ.ಸಿ.ರೋಡಿನ ಪ್ರೆಸ್ಸಿಗೆ ಕೊಡುವ ಹೊಣೆಯೂ ನನ್ನದೇ. ಮಂಡಳಿಯ ಸಭೆಯ ದಿನ ಪುಸ್ತಿಕೆ ಕೈಯಲ್ಲಿರಬೇಕಿತ್ತು. ಅದೇ ಸಭೆಯಲ್ಲಿ ಮೂಡುಬಿದಿರೆ ಶಾಲೆಗೆ ಹೊಸ ಮುಖ್ಯೋಪಾಧ್ಯಾಯರನ್ನು ಆರಿಸುವುದೂ ಇತ್ತು. ಸರದಿಯಂತೆ ಅತ್ತಿಗೆಗೆ ಬರಬೇಕು. ಆದರೆ ಮಂಡಳಿಯಲ್ಲಿ ಕೆಲವರು, ಈಗ ಎಲ್ಲವೂ ಆನ್‌ಲೈನ್, ಅವರಿಗೆ ಕಂಪ್ಯೂಟರ್ ಆಗುತ್ತದೋ ಎಂದು ಕೇಳತೊಡಗಿದ್ದರು. ಹಾಗೆ ಕೇಳುತ್ತಿದ್ದಾರೆಂದು ಅತ್ತಿಗೆಗೂ ಗೊತ್ತಿತ್ತು. ಅದಕ್ಕೇ ಅವರು ಆ ಪುಸ್ತಿಕೆಯ ಕೆಲಸವನ್ನು ಯಾರ ಸಹಾಯವೂ ಇಲ್ಲದೆ, ಸ್ವಂತ ಲ್ಯಾಪ್‌ಟಾಪಿನಲ್ಲಿ, ತಾವೇ ಟೈಪ್ ಮಾಡಿ ಮುಗಿಸಿದ್ದರು.

ಅವರ ಮೇಲ್ ಬಂತು. ಲಗತ್ತಿನ ಹೆಸರು ಚೊಕ್ಕವಾಗಿತ್ತು: ಶಾಲೆ, ತರಗತಿ, ವಿಷಯ, ಭಾಗ ಒಂದು. ತೆರೆದರೆ ಬಿಳಿ ಹಾಳೆ. ಕೆಳಗೆ ಜರುಗಿಸಿದೆ, ಒಂದೇ ಪುಟ, ಅದರಲ್ಲಿ ಮಿನುಗುವ ಗೆರೆಯೊಂದೇ. ಫಾಂಟಿನ ತೊಂದರೆಯಾದರೆ ಚೌಕವೋ ವಿಚಿತ್ರ ಅಕ್ಷರವೋ ಕಾಣಬೇಕು, ಅದೂ ಇಲ್ಲ. ಮೊಬೈಲಿನಲ್ಲಿ ತೆರೆದೆ, ಅಲ್ಲಿಯೂ ಬಿಳಿ.

ಫೈಲ್ ಖಾಲಿ ಇದೆ, ಇನ್ನೊಮ್ಮೆ ಕಳಿಸಿ ಎಂದು ಬರೆದರೆ ಮುಗಿಯುತ್ತಿತ್ತು. ಆದರೆ ನಮ್ಮಲ್ಲಿ ಪ್ರತಿಯೊಂದು ಮೇಲ್‌ಗೂ ಸಂಚಾಲಕರ ಕಚೇರಿಗೆ ಒಂದು ಪ್ರತಿ ಹೋಗುತ್ತದೆ. ಸಂಚಾಲಕರು ಎಂದರೆ ಎರಡೂ ಶಾಲೆಗಳ ಆಡಳಿತ ನೋಡಿಕೊಳ್ಳುವವರು. ಅವರನ್ನು ಬಿಟ್ಟು ಉತ್ತರಿಸಿದರೆ, ಯಾಕೆ ಬಿಟ್ಟಿರಿ ಎಂಬ ಪ್ರಶ್ನೆ ಬರುತ್ತದೆ. ಕಚೇರಿಯಲ್ಲಿ ಲಗತ್ತುಗಳನ್ನು ಯಾರೂ ತೆರೆಯುವುದಿಲ್ಲ, ಮೇಲ್ ಮಾತ್ರ ಓದುತ್ತಾರೆ. ಸಭೆ ಹತ್ತಿರ ಇರುವಾಗ 'ಖಾಲಿ' ಎಂಬ ಶಬ್ದ ಆ ಕಚೇರಿಯ ಪರದೆಯ ಮೇಲೆ ಕಾಣಿಸಿದರೆ ಅತ್ತಿಗೆಯ ಕಥೆ ಏನಾದೀತು ಎಂದು ಯೋಚಿಸಿದೆ. ಬರೆದೆ, ಅಳಿಸಿದೆ. 'ಲಗತ್ತಿನಲ್ಲಿ ಏನೂ ಇಲ್ಲ' ಎಂದರೆ ನೀವು ಏನೂ ಬರೆದಿಲ್ಲ ಎಂದಂತೆ. 'ದಯವಿಟ್ಟು ಪರಿಶೀಲಿಸಿ' ಎಂದರೆ ಮಕ್ಕಳ ನೋಟ್ಸಿನ ಕೆಳಗೆ ಕೆಂಪು ಶಾಯಿಯಲ್ಲಿ ಬರೆದಂತೆ. ಪತ್ರಲೇಖನ ಕಲಿಸುವವಳು ನಾನು. ನಾಲ್ಕು ಸಾಲಿಗೆ ಇಡೀ ವಿರಾಮದ ಅವಧಿ ಹೋಯಿತು, ಚಹಾ ತಣ್ಣಗಾಯಿತು.

ಕೊನೆಗೆ ಕಳುಹಿಸಿದ್ದು ಇದು: "ಮೇಡಂ, ನಮಸ್ಕಾರ. ತಾವು ಕಳುಹಿಸಿದ ಭಾಗ ತಲುಪಿದೆ, ಧನ್ಯವಾದಗಳು. ನನ್ನ ಕಂಪ್ಯೂಟರಿನ ದೋಷದಿಂದಲೋ ಏನೋ, ಫೈಲಿನೊಳಗಿನ ಬರಹ ಇಲ್ಲಿ ಕಾಣಿಸುತ್ತಿಲ್ಲ. ಬಿಡುವಾದಾಗ ಇನ್ನೊಮ್ಮೆ ಕಳುಹಿಸಿಕೊಟ್ಟರೆ ಉಪಕಾರವಾದೀತು. ತೊಂದರೆ ಕೊಟ್ಟದ್ದಕ್ಕೆ ಕ್ಷಮೆ ಇರಲಿ."

ನಮ್ಮ ಕಡೆ ಇದೊಂದು ರೂಢಿ. ಊಟಕ್ಕೆ ಕರೆದವರ ಸಾರಿಗೆ ಉಪ್ಪು ಕಡಿಮೆಯಾದರೆ, ನನಗೆ ಸ್ವಲ್ಪ ಉಪ್ಪು ಜಾಸ್ತಿ ಬೇಕು ಎನ್ನುತ್ತೇವೆ. ಕೇಳಿದವರಿಗೆ ಅರ್ಥವಾಗುತ್ತದೆ, ಯಾರ ಮುಖವೂ ಸಣ್ಣದಾಗುವುದಿಲ್ಲ. ನನ್ನ ಕಂಪ್ಯೂಟರಿನ ದೋಷವೂ ಅಂಥ ಒಂದು ಚಿಟಿಕೆ ಉಪ್ಪು ಎಂದುಕೊಂಡಿದ್ದೆ. ಅತ್ತಿಗೆಯನ್ನು ಕಾಪಾಡಲು ಹಾಗೆ ಬರೆದೆನೋ, ಅವರಿಗೆ ಹೆದರಿ ಬರೆದೆನೋ, ಈಗ ಹೇಳಲಾರೆ.

ಒಂದು ಗಂಟೆಯೊಳಗೆ ಫೈಲ್ ಮತ್ತೆ ಬಂತು. ಮತ್ತೆ ಬಿಳಿ ಹಾಳೆ. ನಾನು ಮತ್ತೆ ನಮಸ್ಕಾರ ಹೇಳಿ, ನನ್ನ ಕಂಪ್ಯೂಟರನ್ನು ಮತ್ತೆ ಬೈದು, ಮತ್ತೆ ಕೇಳಿದೆ. ಮೂರನೆಯ ಸಲವೂ ಬಿಳಿ. ಈ ಸಲ ಮೇಲ್‌ನಲ್ಲಿ ಒಂದು ಸಾಲು ಹೆಚ್ಚಿತ್ತು: ತಮ್ಮ ಕಂಪ್ಯೂಟರನ್ನು ಒಮ್ಮೆ ತೋರಿಸುವುದು ಒಳಿತು.

ಸಂಜೆ ಗಂಡನಿಗೆ ಹೇಳಿದೆ. ಅಕ್ಕನಿಗೆ ನೇರ ಹೇಳಿದರೆ ಏನಾಗುತ್ತದೆ ಎಂದು ಅವರು ಕೇಳಿದರು. ಹಾಗಾದರೆ ನೀವೇ ಹೇಳಿ ಎಂದೆ. ಅವರಿಗೆ ಕೂಡಲೇ ಸ್ಕೂಟರಿಗೆ ಪೆಟ್ರೋಲ್ ಹಾಕಿಸುವುದು ನೆನಪಾಯಿತು. ನಾನೇ ನಿಯಮ ಮುರಿದು ಫೋನ್ ಮಾಡಿದೆ. ಸುತ್ತಿ ಬಳಸಿ, ಕಳುಹಿಸಿದ ಫೈಲನ್ನು ನೀವೂ ಒಮ್ಮೆ ತೆರೆದು ನೋಡಿದರೆ ಹೇಗೆ ಅತ್ತಿಗೆ ಎಂದೆ. ಶಾಲೆಯ ವಿಷಯವಾದ್ದರಿಂದ ಅವರು ಕನ್ನಡಕ್ಕೆ ಬಂದರು.

"ಅದು ನನ್ನ ಎದುರೇ ಉಂಟು ಮಾರಾಯ್ತಿ. ಪೂರ್ತಿ ಕಾಣ್ತದೆ. ನಿನ್ನ ಕಂಪ್ಯೂಟರ್ ಸರಿ ಇಲ್ಲ ಅಂತ ನೀನೇ ಬರೆದದ್ದಲ್ವಾ?"

ಹೌದು, ನಾನೇ ಬರೆದದ್ದು.

ಮರುದಿನ ಶಾಲೆಗೆ ಹೋದರೆ ಕಂಪ್ಯೂಟರ್ ರಿಪೇರಿಯವರು ಕಾಯುತ್ತಿದ್ದರು. ಕಕ್ಕಿಂಜೆಯಲ್ಲಿ ಬೇರೆ ಕೆಲಸ ಇದ್ದದ್ದನ್ನು ಬಿಟ್ಟು ಬಂದಿದ್ದರಂತೆ, ಸಂಚಾಲಕರ ಕಚೇರಿಯಿಂದ ತುರ್ತು ಎಂದು ಫೋನ್ ಹೋಗಿತ್ತಂತೆ. ಅವರು ಫೈಲ್ ತೆರೆದರು, ಮುಚ್ಚಿದರು, ತಮ್ಮ ಲ್ಯಾಪ್‌ಟಾಪಿನಲ್ಲೂ ತೆರೆದರು. ಮೆಷಿನಿಗೆ ಏನೂ ಆಗಿಲ್ಲ, ಕಳಿಸಿದ್ದೇ ಖಾಲಿ ಎಂದರು. ಅದು ನನಗೂ ಗೊತ್ತು, ಆದರೆ ದಯವಿಟ್ಟು ಕಚೇರಿಗೆ ಹಾಗೆ ಹೇಳಬೇಡಿ ಎಂದೆ. ಅವರು ತಮ್ಮ ಲ್ಯಾಪ್‌ಟಾಪ್ ಮುಚ್ಚಿದರು.

"ಮತ್ತೆ ಎಂತ ಹೇಳುದು ಮೇಡಂ? ಅಷ್ಟು ದೂರದಿಂದ ಬಂದವ ಸುಮ್ಮನೆ ಹೋದ ಅಂತಲಾ? ವೈರಸ್ ಅಂತ ಹೇಳ್ತೇನೆ, ಆಗ್ಬಹುದಾ?"

ಆಗಬಹುದು ಎಂದೆ. ವೈರಸ್ ಎಂದ ಮೇಲೆ ಅದನ್ನು ತೆಗೆಯಬೇಕಲ್ಲ. ಅವರು ನನ್ನ ಕಂಪ್ಯೂಟರಿನ ಡಬ್ಬಿಯನ್ನೂ ಕೀಬೋರ್ಡನ್ನೂ ರಿಕ್ಷಾಕ್ಕೆ ಹಾಕಿಕೊಂಡು ಹೋದರು. ಆರೋಗ್ಯವಾಗಿದ್ದ ಕಂಪ್ಯೂಟರ್ ನನ್ನ ವಿನಯದ ಕಾರಣದಿಂದ ಆಸ್ಪತ್ರೆ ಸೇರಿತು. ಅದರೊಳಗಿದ್ದ ನನ್ನ ವ್ಯಾಕರಣದ ಭಾಗ ಪೆನ್‌ಡ್ರೈವಿನಲ್ಲೂ ಇತ್ತು, ಅದೊಂದು ಉಳಿಯಿತು.

ಪ್ರೆಸ್ಸಿನವರು ಫೋನ್ ಮಾಡತೊಡಗಿದರು. ಇನ್ನು ಕಾಯುವ ಹಾಗಿರಲಿಲ್ಲ. ಶನಿವಾರ ಬೆಳಗ್ಗಿನ ಶಾಲೆ ಮುಗಿಸಿ ವೇಣೂರಿನ ಮೇಲಿಂದ ಹೋಗುವ ಬಸ್ಸು ಹತ್ತಿ ಮೂಡುಬಿದಿರೆಗೆ ಹೋದೆ. ದಾರಿಯುದ್ದಕ್ಕೂ ವಾಕ್ಯಗಳನ್ನು ಜೋಡಿಸುತ್ತಿದ್ದೆ. ಶಾಲೆಯಲ್ಲಿ ಮಕ್ಕಳಿರಲಿಲ್ಲ. ಶಿಕ್ಷಕರ ಕೋಣೆಯಲ್ಲಿ ಅತ್ತಿಗೆ ಒಬ್ಬರೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದರು. ಬಂದೆಯಾ, ನೋಡು ಎಂದು ಪರದೆಯನ್ನು ನನ್ನ ಕಡೆ ತಿರುಗಿಸಿದರು.

ಪೂರ್ತಿ ಇತ್ತು. ಮೂವತ್ತಕ್ಕೂ ಹೆಚ್ಚು ಪುಟ. ಪದ್ಯಕ್ಕೊಂದು ಸಾರಾಂಶ, ಸಂದರ್ಭ ವಿವರಿಸಿ, ಬಿಟ್ಟ ಸ್ಥಳ ತುಂಬಿ, ಒಂದೇ ಒಂದು ಅಕ್ಷರದೋಷವಿಲ್ಲದೆ. ನಾನು ನನ್ನ ಭಾಗಕ್ಕೆ ಅಷ್ಟು ಶ್ರಮ ಹಾಕಿರಲಿಲ್ಲ.

ಸೇವ್ ಮಾಡಿದ್ದೀರಾ ಎಂದು ಕೇಳಿದೆ. ಬಸ್ಸಿನಲ್ಲಿ ಜೋಡಿಸಿದ ವಾಕ್ಯಗಳಲ್ಲಿ ಇದು ಇರಲಿಲ್ಲ.

"ಮೊದಲೇ ಮಾಡಿದ್ದೇನೆ. ಹೆಸರು ಕೊಟ್ಟೇ ಶುರು ಮಾಡುದು ನಾನು."

ಆಗ ಅರ್ಥವಾಯಿತು. ಉತ್ತರಪತ್ರಿಕೆಯಲ್ಲಿ ಮೊದಲು ನೋಂದಣಿ ಸಂಖ್ಯೆ ಬರೆಯಿರಿ, ಆಮೇಲೆ ಉತ್ತರ ಎಂದು ವರ್ಷಗಟ್ಟಲೆ ಮಕ್ಕಳಿಗೆ ಹೇಳಿದವರು ಅವರು. ಹೊಸ ಫೈಲ್ ತೆರೆದು, ಏನೂ ಬರೆಯುವ ಮೊದಲು ಅದಕ್ಕೆ ಹೆಸರಿಟ್ಟು ಸೇವ್ ಮಾಡಿದ್ದರು. ಹೆಸರು ಒಂದು ಸಲ ಬರೆದರಾಯಿತಲ್ಲ, ಮತ್ತೆ ಮತ್ತೆ ಯಾಕೆ? ಅಲ್ಲಿಂದ ಮುಂದೆ ಟೈಪ್ ಮಾಡಿದ್ದೆಲ್ಲ ತೆರೆದ ಪರದೆಯಲ್ಲೇ ಉಳಿದಿತ್ತು. ಲ್ಯಾಪ್‌ಟಾಪನ್ನು ಅವರು ಆಫ್ ಮಾಡುತ್ತಿರಲಿಲ್ಲ, ಪುಸ್ತಕದಂತೆ ಮಡಚಿಡುತ್ತಿದ್ದರು. ಮೇಲ್‌ಗೆ ಲಗತ್ತಿಸಿದಾಗ ಹೋಗುತ್ತಿದ್ದದ್ದು ಮೊದಲ ದಿನ ಸೇವ್ ಆದ ಆ ಖಾಲಿ ಪುಟ. ಮೂರು ಸಲವೂ ಅದೇ. ನಡುವೆ ಒಮ್ಮೆ ಬ್ಯಾಟರಿ ಪೂರ್ತಿ ಇಳಿದಿದ್ದರೆ ಅಷ್ಟೂ ಪುಟ ಹೋಗುತ್ತಿತ್ತೋ ಏನೋ. 

ಈಗ ಇನ್ನೊಮ್ಮೆ ಸೇವ್ ಒತ್ತಿ, ಆಮೇಲೆ ಕಳುಹಿಸುವ ಎಂದೆ. ಅವರು ಒತ್ತಿದರು. ಕಳುಹಿಸಿದರು. ನಾನು ಮೊಬೈಲಿನಲ್ಲಿ ತೆರೆದೆ, ಮೊದಲ ಪದ್ಯದ ಸಾರಾಂಶ ಕಾಣಿಸಿತು. ಬಂತು ಎಂದೆ. ಅವರು ಪರದೆಯನ್ನೇ ನೋಡುತ್ತಿದ್ದರು, ಮುಖದಲ್ಲಿ ಏನೂ ಓದಲಾಗಲಿಲ್ಲ. ಆಮೇಲೆ ಲ್ಯಾಪ್‌ಟಾಪ್ ಮಡಚಿ, ಮನೆಗೆ ಬಾ, ಗಂಜಿ ಊಟ ಮಾಡಿ ಹೋಗು ಎಂದು ತುಳುವಿನಲ್ಲಿ ಹೇಳಿದರು. ಶಾಲೆ ಅಲ್ಲಿಗೆ ಮುಗಿದಿತ್ತು.

ಸಂಜೆಯ ಬಸ್ಸಿನಲ್ಲಿ ಕೂತು ಆ ಮೇಲ್‌ನ ಮೇಲ್ಭಾಗ ಓದಿದೆ. ಸಂಚಾಲಕರ ಕಚೇರಿಗೂ ಪ್ರತಿ ಹೋಗಿತ್ತು. "ಮೇಡಂ, ತಮ್ಮ ಕಂಪ್ಯೂಟರಿನ ದೋಷ ನಿವಾರಣೆಯಾದುದು ಸಂತೋಷ. ಫೈಲನ್ನು ನಾಲ್ಕನೆಯ ಬಾರಿ ಲಗತ್ತಿಸಿದ್ದೇನೆ."

ಪುಸ್ತಿಕೆ ಸಭೆಗೆ ಸರಿಯಾಗಿ ಬಂತು. ಅತ್ತಿಗೆ ಮುಖ್ಯೋಪಾಧ್ಯಾಯಿನಿಯಾದರು. ಅವರು ಆ ಹುದ್ದೆಗೆ ತಕ್ಕವರು, ಈ ಮಾತನ್ನು ಸಿಟ್ಟಿನಲ್ಲೂ ಅಲ್ಲಗಳೆಯಲಾರೆ. ಸಭೆಯಲ್ಲಿ ಸಂಚಾಲಕರು, ಲಾಯಿಲದ ಶಾಲೆಯ ತಾಂತ್ರಿಕ ತೊಂದರೆಯ ನಡುವೆಯೂ ಅವರು ತಾಳ್ಮೆಯಿಂದ ಮತ್ತೆ ಮತ್ತೆ ಫೈಲ್ ಕಳುಹಿಸಿದ್ದನ್ನು ವಿಶೇಷವಾಗಿ ಹೇಳಿದರಂತೆ. ಮುಂದಿನ ವರ್ಷದ ಪುಸ್ತಿಕೆಯನ್ನು ಸೇರಿಸುವ ಕೆಲಸ ಮೂಡುಬಿದಿರೆಗೆ ಹೋಯಿತು. ನನ್ನ ಕಂಪ್ಯೂಟರ್ ತಿರುಗಿ ಬಂದಾಗ ಕೀಬೋರ್ಡಿನ ತಂತಿ ಬದಲಾಗಿತ್ತು. ಈಗಲೂ ಸಹೋದ್ಯೋಗಿಗಳು, ಹೊಸ ಫೈಲ್ ಬಂದರೆ, ನಿಮ್ಮದರಲ್ಲಿ ಕಾಣ್ತದಾ ಮೇಡಂ ಎಂದು ಕೇಳುತ್ತಾರೆ.

ನನಗೆ ಬೇಕಾದದ್ದು ಇದೇ ಅಲ್ಲವೇ? ಅವರ ಮೇಲೆ ಮಾತು ಬರಬಾರದೆಂದು ನಾನೇ ಬಯಸಿದ್ದು, ಬರಲಿಲ್ಲ. ಹಾಗಾದರೆ ಈ ಕಿರಿಕಿರಿ ಯಾಕೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಬಹುಶಃ ಉಪ್ಪಿನ ಮಾತು ಅವರಿಗೆ ಅರ್ಥವಾಗಿತ್ತೋ ಇಲ್ಲವೋ ಎಂಬುದೊಂದು ತಿಳಿದರೆ ಸಾಕಿತ್ತು. ನನ್ನ ಮೊದಲ ಮೇಲ್ ಓದಿದವರು ತಾವು ಕಳುಹಿಸಿದ್ದನ್ನು ಒಮ್ಮೆಯೂ ತೆರೆದು ನೋಡಿರಲಿಕ್ಕಿಲ್ಲ ಎಂದು ಒಮ್ಮೊಮ್ಮೆ ಅನಿಸುತ್ತದೆ. ಅಷ್ಟು ಅಚ್ಚುಕಟ್ಟಿನವರು ನೋಡದೆ ಇರಲಾರರು ಎಂದು ಇನ್ನೊಮ್ಮೆ.

ಕಳೆದ ಭಾನುವಾರ ಅವರ ಮನೆಯ ಅಡುಗೆಕೋಣೆಯಲ್ಲಿ ಇಬ್ಬರೂ ಪತ್ರೊಡೆಗೆ ಕೆಸುವಿನ ಎಲೆಯ ನಾರು ತೆಗೆಯುತ್ತಿದ್ದೆವು. ನಿಯಮ ಮುರಿದು, ತುಳುವಿನಲ್ಲೇ, ನಾರಿನ ಕಡೆ ನೋಡುತ್ತಾ ಕೇಳಿದೆ. ಅವರು ಎಲೆಯನ್ನು ತಿರುಗಿಸಿ ಹಿಂಬದಿಗೆ ಹಿಟ್ಟು ಸವರಿದರು, ಅದರ ಮೇಲೆ ಇನ್ನೊಂದು ಎಲೆ ಇಟ್ಟರು, ಅದಕ್ಕೂ ಸವರಿದರು. ನಾನು ಕೇಳಿದ್ದು ಇಷ್ಟೇ: "ಅತ್ತಿಗೆ, ಫೈಲ್ ಖಾಲಿ ಅಂತ ನಿಮಗೆ ಮೊದಲ ಸಲವೇ ಗೊತ್ತಾಗಿತ್ತಾ?"