ನಾನು ಅಳಿಸಿದ ಸಾಲುಗಳು

ಹೊಸಪೇಟೆಯ ಆಫೀಸಿನಲ್ಲಿ ಕುಳಿತು ಸಂಡೂರಿನ ಗಣಿಯಿಂದ ಬರುವ ಬೈಗುಳ ಕೇಳಿಸಿಕೊಳ್ಳುವುದು ಹಲವು ವರ್ಷ ನನ್ನ ಕೆಲಸವಾಗಿತ್ತು. ಹುದ್ದೆಯ ಹೆಸರು ಬೇರೆಯೇ ಇತ್ತು, ಬಿಡಿ. ಕಂಪನಿಯ ಇಆರ್‌ಪಿ ನೋಡಿಕೊಳ್ಳುವವನು ನಾನು. ಅದಿರಿನ ಲೆಕ್ಕ, ಹಾಜರಿ, ಯಂತ್ರಗಳ ಓಡಾಟ, ಕಾರ್ಮಿಕರ ಆರೋಗ್ಯ ತಪಾಸಣೆ ಎಲ್ಲವೂ ಆ ಒಂದೇ ಸಾಫ್ಟ್‌ವೇರಿನ ಹೊಟ್ಟೆಯಲ್ಲಿದ್ದವು. ಹೊಟ್ಟೆ ತುಂಬಿದಷ್ಟೂ ಅದು ನಿಧಾನವಾಗುತ್ತಾ ಹೋಯಿತು. ಅದಿರು ತೂಗುವ ವೇಬ್ರಿಡ್ಜಿನಲ್ಲಿ ಒಂದು ಲಾರಿಗೆ ಪಾಸ್ ಕೊಡಬೇಕಾದರೆ ಯಾವ ಜಾಗದ ಅದಿರು ತುಂಬಿದೆ ಎಂದು ಯಂತ್ರಗಳ ದಾಖಲೆಯಲ್ಲಿ ಹುಡುಕಬೇಕು. ಆ ಹುಡುಕಾಟ ಮುಗಿಯುವಷ್ಟರಲ್ಲಿ ಲಾರಿಗಳ ಸಾಲು ಯಶವಂತನಗರದ ಕಡೆಗೆ ಬೆಳೆದಿರುತ್ತಿತ್ತು. ಫೋನು ನನಗೆ ಬರುತ್ತಿತ್ತು.

ಕೊನೆಗೆ ಹಳೆಯ ಡೇಟಾ ತೆಗೆಯುವುದೆಂದು ತೀರ್ಮಾನವಾಯಿತು. ಯಾವುದನ್ನು ಎಷ್ಟು ವರ್ಷ ಇಡಬೇಕು ಎಂಬ ಪಟ್ಟಿ ಮಾಡುವ ಹೊಣೆ ನನ್ನದು. ಕಂಪನಿಯ ಲೆಕ್ಕದ ಪುಸ್ತಕಗಳಿಗೆ ಕಾನೂನು ಎಂಟು ವರ್ಷ ಎನ್ನುತ್ತದೆ, ತೆರಿಗೆಯ ತಕರಾರು ನಡೆಯುತ್ತಿದ್ದರೆ ಅದು ಮುಗಿಯುವವರೆಗೆ. ಹಾಜರಿಗೂ ಆರೋಗ್ಯ ತಪಾಸಣೆಗೂ ಅವುಗಳದೇ ಲೆಕ್ಕವಿತ್ತು. ಇವೆಲ್ಲ ಆರ್ಕೈವ್‌ಗೆ ಹೋಗಬೇಕು, ಅಂದರೆ ದಿನನಿತ್ಯದ ಡೇಟಾಬೇಸಿನಿಂದ ತೆಗೆದು, ಬೇಕೆಂದಾಗ ಹುಡುಕಿ ಓದಬಹುದಾದ, ಆದರೆ ತಿದ್ದಲಾಗದ ಬೇರೊಂದು ಜಾಗಕ್ಕೆ.

ಡೇಟಾಬೇಸಿನಲ್ಲಿ ಎಲ್ಲಕ್ಕಿಂತ ದೊಡ್ಡ ಟೇಬಲ್ ಯಂತ್ರಗಳದ್ದು. ಪ್ರತಿ ಯಂತ್ರ, ಪ್ರತಿ ಅರ್ಧ ಗಂಟೆಗೆ ಒಂದು ಸಾಲು: ಯಾವ ಡ್ರಿಲ್ಲು, ಗಣಿಯ ಯಾವ ಮೆಟ್ಟಿಲು, ಎಂಥ ಕಲ್ಲು, ನಡೆಸಿದವರು ಯಾರು. ನನ್ನ ಪಟ್ಟಿಯಲ್ಲಿ ಅದರ ಮುಂದೆ 'ಯಾವ ಕಾನೂನು' ಎಂಬ ಕಾಲಂ ಖಾಲಿ ಇತ್ತು. ಉತ್ಪಾದನೆಯ ಮುಖ್ಯಸ್ಥರನ್ನು ಕೇಳಿದೆ.

"ಮೂರು ವರ್ಷದ ಹಿಂದಿನ ಡ್ರಿಲ್ಲು ಯಾರಿಗೆ ಬೇಕ್ರಿ? ಎತ್ತಿ ಒಗೀರಿ ಅತ್ಲಾಗ," ಎಂದರು.

ಆರ್ಕೈವ್‌ನ ಜಾಗಕ್ಕೆ ಮತ್ತೆ ಮಂಜೂರಾತಿ ಕೇಳಬೇಕು, ಮತ್ತೆ ಮೀಟಿಂಗು. ನನಗೂ ಸಾಕಾಗಿತ್ತು. 'ಮೂರು ವರ್ಷ, ನಂತರ ಅಳಿಸುವುದು' ಎಂದು ಬರೆದೆ. ಲೆಕ್ಕದವರು, ಸಿಬ್ಬಂದಿ ವಿಭಾಗದವರು, ಉತ್ಪಾದನೆಯವರು ಸಹಿ ಹಾಕಿದರು. ಗಣಿಯ ಡಾಕ್ಟರನ್ನು ಕೇಳಬೇಕಿತ್ತು. ನೆನಪಾಗಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನೆನಪಾಗಿತ್ತು. ಅವರು ಬೇಡವೆಂದರೆ ಕೆಲಸ ಎರಡು ತಿಂಗಳು ಮುಂದೆ ಹೋಗುತ್ತದಲ್ಲ ಎಂದು ಸುಮ್ಮನಾದೆ.

ಅಳಿಸಿದ ಮರುದಿನ ಲಾರಿಯ ಪಾಸ್ ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು. ವೇಬ್ರಿಡ್ಜಿನವರು ಕಂಪನಿ ಬಸ್ಸಿನಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಕಟ್ಟಿಸಿ ಕಳಿಸಿದರು. ಬೈಗುಳದ ಬದಲು ಮಿರ್ಚಿ ಬಂದ ಒಂದೇ ದಿನ ಅದು. ಹೆಮ್ಮೆಯಿಂದ ತಿಂದೆ.

ಎರಡು ವರ್ಷದ ಮೇಲೆ ಗಂಡ ಹೆಂಡತಿ ಇಬ್ಬರು ನನ್ನ ಆಫೀಸಿಗೆ ಬಂದರು. ಒಂದೇ ಮಹಡಿ ಹತ್ತಿ ಬಂದ ಆತನಿಗೆ ಕುರ್ಚಿಯಲ್ಲಿ ಕುಳಿತು ಮಾತಾಡಲು ಬಹಳ ಹೊತ್ತು ಹಿಡಿಯಿತು. ಉಸಿರು ಹತ್ತಿರ ಬಂದು ವಾಪಸು ಹೋಗುತ್ತಿತ್ತು. ಮೊದಲು ಗುರುತು ಸಿಗಲಿಲ್ಲ. ಅವರು ಗಣಿಯ ಕೆಲಸ ಬಿಟ್ಟು ಆರು ವರ್ಷವಾಗಿತ್ತು.

ಇಆರ್‌ಪಿ ಹೊಸದಾಗಿ ಬಂದಾಗ ಗಣಿಯಲ್ಲಿ ಎಂಟ್ರಿ ಕಲಿಸಲು ಹೋಗಿದ್ದೆ. ಕೆಂಪಗಿರುವುದೆಲ್ಲ ಅದಿರಲ್ಲ, ಈ ಬಿಳಿ ಪಟ್ಟೆಯ ಕಲ್ಲು ಭಾಳ ಗಟ್ಟಿ, ಡ್ರಿಲ್ಲಿನ ಹಲ್ಲು ತಿನ್ನುತ್ತದೆ ಎಂದು ನನಗೆ ಕಲ್ಲು ಕಲಿಸಿದವರು ಇವರೇ. ಶಿಫ್ಟು ಮುಗಿದ ಮೇಲೆ ಉಳಿದವರೆಲ್ಲ ಬಸ್ಸಿಗೆ ಓಡಿದರೆ ಇವರು ಟೈಂ ಆಫೀಸಿನ ಕಿಟಕಿಯಲ್ಲಿ ನಿಲ್ಲುತ್ತಿದ್ದರು. "ನಂದು ಸರಿ ಬಿದ್ದೈತೇನ್ರಿ ಸರ? ಡ್ರಿಲ್ಲು ಅಂತ ಐತಿಲ್ಲ?" ಸ್ಕ್ರೀನ್ ತಿರುಗಿಸಿ ತೋರಿಸಿದರೆ ಮಾತ್ರ ಹೊರಡುತ್ತಿದ್ದರು. ರಿಜಿಸ್ಟರಿನಲ್ಲಿ ಅವರ ಹುದ್ದೆ ಹೆಲ್ಪರ್ ಎಂದೇ ಇತ್ತು, ಕೊನೆಯವರೆಗೂ ಬದಲಾಗಲಿಲ್ಲ. ಡ್ರಿಲ್ಲು ನಡೆಸುವವನು ತಾನು ಎಂಬುದಕ್ಕೆ ಆ ಸಾಲೊಂದೇ ಅವರ ಬಳಿ ಇದ್ದ ಸಾಕ್ಷಿ. ನಾನು ಅದನ್ನು ಅವರ ಹುಚ್ಚು ಎಂದು ನಕ್ಕಿದ್ದೆ.

ಈಗ ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತಿದೆ ಎಂದು ಆಸ್ಪತ್ರೆಯವರು ಬರೆದುಕೊಟ್ಟಿದ್ದರು. ಅದು ಗಣಿಯ ಕೆಲಸದಿಂದಲೇ ಬಂದ ರೋಗ ಎಂದು ಒಪ್ಪಬೇಕಾದರೆ, ಧೂಳಿನ ಜಾಗದಲ್ಲೇ ದುಡಿದದ್ದಕ್ಕೆ ದಾಖಲೆ ತನ್ನಿ ಎಂದಿದ್ದರು ಪರಿಹಾರದ ಅಧಿಕಾರಿ. ಹೆಲ್ಪರ್ ಎಂದರೆ ಕ್ಯಾಂಟೀನಿನಲ್ಲೂ ಇರಬಹುದಲ್ಲ ಎಂಬುದು ಆ ಅಧಿಕಾರಿಯ ಪ್ರಶ್ನೆ.

"ನಿಮ್ಮ ಕಂಪ್ಯೂಟರ್‌ನಾಗ ಎಲ್ಲಾ ಐತಿ ಅಂದೀನ್ರಿ ಸರ ಅವ್ರಿಗೆ," ಎಂದರು. "ದಿನಾ ನೋಡೀನಲ್ರಿ ನಾನು."

ನಾನು ಹುಡುಕಿದೆ, ಇಲ್ಲವೆಂದು ಗೊತ್ತಿದ್ದೂ ಹುಡುಕಿದೆ. ಆರ್ಕೈವ್‌ನಿಂದ ಹಾಜರಿ ಬಂತು, ಎಕ್ಸ್‌ರೇ ವರದಿಗಳು ಬಂದವು. ಡ್ರಿಲ್ಲಿನ ಒಂದು ಸಾಲೂ ಬರಲಿಲ್ಲ. ಅಳಿಸುವ ಮುಂಚೆ ಬ್ಯಾಕಪ್ ತೆಗೆದಿದ್ದೆ. ಆದರೆ ಬ್ಯಾಕಪ್ ಇರುವುದು ಸರ್ವರ್ ಕೆಟ್ಟರೆ ಎಬ್ಬಿಸಲಿಕ್ಕೆ, ಹಳೆಯದನ್ನು ಕಾಪಾಡಲಿಕ್ಕಲ್ಲ. ವರ್ಷವಾದ ಮೇಲೆ ಅದೇ ಟೇಪಿನ ಮೇಲೆ ಹೊಸದನ್ನು ಬರೆಯುತ್ತೇವೆ. ಆ ನಿಯಮ ಮಾಡಿದವನೂ ನಾನೇ. ಶಿಫ್ಟಿನಲ್ಲಿ ಕೈಯಿಂದ ಬರೆದ ಕಾಗದದ ಶೀಟುಗಳನ್ನು ಎಂಟ್ರಿಯಾದ ಮೇಲೆ ಯಾರೂ ಇಟ್ಟಿರಲಿಲ್ಲ, ಕಂಪ್ಯೂಟರಿನಲ್ಲಿ ಇದೆಯಲ್ಲ ಎಂದು.

"ಅಳಿಸಿಬಿಟ್ಟೀವ್ರಿ," ಎಂದೆ. "ನಾನ ಅಳಿಸಿದ್ದು."

ಅವರು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. "ಜಾಗ ಸಾಲಲಿಲ್ಲೇನ್ರಿ?" ಎಂದು ಕೇಳಿದರು, ನನ್ನ ಕಷ್ಟ ವಿಚಾರಿಸುವವರ ಹಾಗೆ.

ಆಗ ಹೆಂಡತಿ ಬಾಯಿಬಿಟ್ಟರು. "ನಾ ಹೇಳಿದ್ರ ಬರ್ಕೊಳಂಗಿಲ್ಲೇನ್ರಿ? ಅಂಗಿ ಒಗಿಯಾಕಿ ನಾನು. ಲೋಡಿಂಗ್ ಕಡಿ ಇದ್ದೋರ ಅಂಗಿ ಒಗದ್ರ ಕೆಂಪು ನೀರು ಬರ್ತಾವ. ಇವರದು ಯಾವಾಗ್ಲೂ ಬೂದಿ ನೀರು, ಆ ಬಿಳಿ ಪಟ್ಟಿ ಕಲ್ಲಿನ ಧೂಳು."

ಬರೆದುಕೊಂಡೆ. ಅವರ ಮಾತಿನ ಜೊತೆ ನನ್ನದೊಂದು ಪತ್ರವನ್ನೂ ಬರೆದೆ: ಇಂಥ ಟೇಬಲ್ ಇತ್ತು, ಅದರಲ್ಲಿ ಇಂಥ ಇಂಥ ವಿವರ ಇದ್ದವು, ಈ ವ್ಯಕ್ತಿಯ ಹೆಸರು ಡ್ರಿಲ್ಲಿನ ಮುಂದೆ ಇದ್ದದ್ದನ್ನು ನಾನೇ ನೋಡಿದ್ದೇನೆ, ಮತ್ತು ನಾನೇ ಅಳಿಸಿದ್ದೇನೆ. ಅಳಿಸಿದ್ದಕ್ಕೆ ಮೂವರು ಸಹಿ ಮಾಡಿದ ಹಾಳೆಯನ್ನೂ ಲಗತ್ತಿಸಿದೆ. ಕಂಪನಿಯ ವಕೀಲರು ಇದನ್ನು ಕೊಡಬೇಡಿ ಎಂದರು. ಕೊಟ್ಟೆ. ಇದರಿಂದ ನಾನೇನೂ ದೊಡ್ಡವನಾಗಲಿಲ್ಲ.

ಕೇಸು ನಡೆಯುವಾಗ ಸಂಬಂಧಪಟ್ಟ ದಾಖಲೆಗಳಿಗೆ ತಡೆ ಗುರುತು ಹಾಕಬೇಕು, ಆಗ ಅವಧಿ ಮುಗಿದರೂ ಸಿಸ್ಟಂ ಅವನ್ನು ಅಳಿಸುವುದಿಲ್ಲ. ಅವರ ಹೆಸರಿನಲ್ಲಿ ಉಳಿದಿದ್ದಕ್ಕೆಲ್ಲ ಆ ಗುರುತು ಹಾಕಿದೆ. ಯಂತ್ರಗಳ ದಾಖಲೆಯನ್ನು ಆರ್ಕೈವ್ ಮಾಡಬೇಕೆಂದು ಪಟ್ಟಿ ತಿದ್ದಿದೆ, ಈ ಸಲ ಡಾಕ್ಟರ ಸಹಿಯೊಂದಿಗೆ. ಅಧಿಕಾರಿ ಎರಡು ಬಾರಿ ದಿನಾಂಕ ಮುಂದೂಡಿದರು. ಮೂರನೆಯ ದಿನಾಂಕದೊಳಗೆ ಡ್ರಿಲ್ಲು ನಡೆಸಿದವರು ತೀರಿಕೊಂಡರು.

ಮರಣ ಪ್ರಮಾಣಪತ್ರ ಕೊಡಲು ಹೆಂಡತಿ ಒಬ್ಬರೇ ಬಂದರು. ಕೇಸು ಇನ್ನೂ ನಡೆಯುತ್ತಲೇ ಇತ್ತು. ಅವರ ಗಂಡನ ಪುಟ ತೆರೆದೆ. ತಮಗೂ ತೋರಿಸಿ ಎಂದರು, ತೋರಿಸಿದೆ. ಹಾಜರಿ, ಹಾಜರಿ, ಹಾಜರಿ, ವರ್ಷಗಟ್ಟಲೆ. ಓದಲು ಬರದಿದ್ದರೂ ಬೆರಳಿಟ್ಟು ಕೆಳಗೆ ಇಳಿಸುತ್ತಾ ಹೋದರು.

"ಎಲ್ಲಿ ನಿಂತಿದ್ರು ಅಂತ ಇದ್ರಾಗ ಇಲ್ಲಲ್ರಿ?"

"ಇಲ್ಲವ್ವ."

ಅವರು ಸ್ಕ್ರೀನಿನಿಂದ ಬೆರಳು ತೆಗೆದರು.

"ಅದನ್ನ ನೋಡಾಕಂತ ಕಿಟಕಿ ಮುಂದ ನಿಂತು ಎಷ್ಟೋ ದಿನ ಬಸ್ ತಪ್ಪಿಸ್ಕೊಂಡು ನಡ್ಕೊಂತ ಮನಿಗೆ ಬರ್ತಿದ್ರು," ಎಂದರು. "ಅನ್ನ ಆರಿ ಹೋಗ್ತಿತ್ತು. ನಾ ಬೈತಿದ್ದೆ."